ಇಂಟರ್ನಲ್ ಅಂಕಗಳ ಕೂಡಿಕೆ ತಪ್ಪಿದಾಗ ಪರೀಕ್ಷಾ ವಿಭಾಗಕ್ಕೆ ಇಮೇಲ್ ಬರೆಯುವುದು ಹೇಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬೆಂಗಳೂರಿನ ಪದವಿ ಕಾಲೇಜುಗಳ ಪರೀಕ್ಷಾ ವಿಭಾಗಕ್ಕೆ ಒಂದು ಬಗೆಯ ಇಮೇಲ್ ತಪ್ಪದೆ ಬರುತ್ತದೆ. "ಸರ್, ನೋಂದಣಿ ಸಂಖ್ಯೆ 041ರ ಇಂಟರ್ನಲ್ ಅಂಕ ತಪ್ಪಾಗಿದೆ. ಸರಿಪಡಿಸಿದ ಫೈಲ್ ಲಗತ್ತಿಸಿದ್ದೇನೆ. ದಯವಿಟ್ಟು ಅಪ್‌ಡೇಟ್ ಮಾಡಿ." ಅಷ್ಟೇ. ನಾನು ಪಾಠದ ಜೊತೆಗೆ ಪರೀಕ್ಷಾ ವಿಭಾಗದ ಕೆಲಸವನ್ನೂ ನೋಡಿಕೊಳ್ಳುವವನು. ಇಂಥ ಇಮೇಲ್ ಬಂದಾಗ ಈ ಕಡೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ.

ಇಮೇಲ್ ತೆರೆಯುವುದು ಸಾಮಾನ್ಯವಾಗಿ ಪರೀಕ್ಷಾ ನಿಯಂತ್ರಕರಲ್ಲ, ಕಂಪ್ಯೂಟರ್ ಮುಂದೆ ಕೂತಿರುವ ಸಹಾಯಕರು. ಅವರ ಹತ್ತಿರ ಹಳೆಯ ಫೈಲ್ ಇದೆ, ಈಗ ಹೊಸದೂ ಬಂದಿದೆ. ಎರಡರಲ್ಲೂ 58 ಹೆಸರು. ಹೊಸದರಲ್ಲಿ 041 ಮಾತ್ರ ಬದಲಾಗಿದೆಯಾ, ಬೇರೆ ಸಾಲುಗಳೂ ಬದಲಾಗಿವೆಯಾ? ಹಳೆಯ ಅಂಕ ಎಷ್ಟಿತ್ತು? ಯಾಕೆ ಬದಲಾಯಿತು? ವಿಭಾಗದ ಮುಖ್ಯಸ್ಥರಿಗೆ ಗೊತ್ತಿದೆಯಾ? ಒಂದಕ್ಕೂ ಉತ್ತರ ಇಲ್ಲ. ಹಾಗಾಗಿ ಅವರು ನಿಮಗೆ ಫೋನ್ ಮಾಡುತ್ತಾರೆ. ನೀವು ಕ್ಲಾಸಿನಲ್ಲಿ ಇರುತ್ತೀರಿ. ಅಷ್ಟರಲ್ಲಿ ಪೋರ್ಟಲ್‌ನಲ್ಲಿ ಅಂಕ ತುಂಬುವ ಗಡುವು ಮುಗಿಯಬಹುದು. ಇನ್ನೂ ಕೆಟ್ಟದ್ದೆಂದರೆ, ಯಾರನ್ನೂ ಕೇಳದೆ ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಹಾಕಿಬಿಡುವುದು. ಆಮೇಲೆ ಏನು ಬದಲಾಯಿತು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಆದ್ದರಿಂದ ಈ ಇಮೇಲ್ ಬರೆಯುವಾಗ ಎದುರಿಗಿರುವ ಓದುಗನನ್ನು ನೆನಪಿಡಿ. ಅವನನ್ನು ನೀವು ಒಪ್ಪಿಸಬೇಕಾಗಿಲ್ಲ. ಅವನು ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಬರೆಯಬೇಕು, ಮೇಲಿನವರ ಸಹಿ ತೆಗೆದುಕೊಳ್ಳಬೇಕು, ಮುಂದೆ ಯಾರಾದರೂ ಕೇಳಿದರೆ ಕಾಗದ ತೋರಿಸಬೇಕು. ಈ ಮೂರಕ್ಕೂ ಬೇಕಾದ್ದು ನಿಮ್ಮ ಇಮೇಲ್‌ನಲ್ಲೇ ಇದ್ದರೆ ಕೆಲಸ ಅವತ್ತೇ ಮುಗಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ಬಿ.ಕಾಂ. 3ನೇ ಸೆಮಿಸ್ಟರ್, ‘ಬಿ’ ಸೆಕ್ಷನ್, ಕಾಸ್ಟ್ ಅಕೌಂಟಿಂಗ್, 58 ವಿದ್ಯಾರ್ಥಿಗಳು. ಇಂಟರ್ನಲ್ 40 ಅಂಕಕ್ಕೆ: ಟೆಸ್ಟ್ 1, ಟೆಸ್ಟ್ 2, ಅಸೈನ್‌ಮೆಂಟ್, ಸೆಮಿನಾರ್, ಪ್ರತಿಯೊಂದಕ್ಕೂ 10. ಪಟ್ಟಿ ಡಿಸೆಂಬರ್ 12ರಂದು ಪರೀಕ್ಷಾ ವಿಭಾಗಕ್ಕೆ ಹೋಗಿದೆ. ಆಮೇಲೆ 041 ಸಂಖ್ಯೆಯ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು, "ಮೇಡಂ, ನನ್ನ ಟೋಟಲ್ 25 ಅಂತ ಇದೆ. ಕೂಡಿದ್ರೆ 34 ಬರುತ್ತೆ ಅಲ್ವಾ?" ಅನ್ನುತ್ತಾಳೆ.

ಮೊದಲು: ಅದು ನಿಜವಾಗಿ ತಪ್ಪೇ?

ಕೂಡಿ ನೋಡಿ: 8, 9, 9, 8. ಹೌದು, 34. ಆದರೆ ಇಮೇಲ್ ತೆರೆಯುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ.

ಒಂದು, ನಿಯಮ. ಕೆಲವು ವಿಷಯಗಳಲ್ಲಿ ಮೂರು ಟೆಸ್ಟ್ ನಡೆಸಿ ಚೆನ್ನಾಗಿ ಬಂದ ಎರಡನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವು ಕಡೆ 25ಕ್ಕೆ ನಡೆಸಿದ ಟೆಸ್ಟನ್ನು 10ಕ್ಕೆ ಇಳಿಸುತ್ತಾರೆ. ಅಂಥಲ್ಲಿ ವಿದ್ಯಾರ್ಥಿ ಸುಮ್ನೆ ಎಲ್ಲ ಅಂಕಣ ಕೂಡಿದರೆ ಬೇರೆ ಮೊತ್ತ ಬರುತ್ತದೆ. ಅದು ತಪ್ಪಲ್ಲ.

ಇನ್ನೊಂದು, ಅರ್ಧ ಅಂಕ. ಎಕ್ಸೆಲ್‌ನಲ್ಲಿ ದಶಮಾಂಶ ಕಾಣದ ಹಾಗೆ ಮಾಡಿದ್ದರೆ 7.5 ಅನ್ನುವುದು ಪರದೆಯ ಮೇಲೆ 8 ಅಂತ ಕಾಣುತ್ತದೆ. ಒಳಗೆ ಇರುವುದು 7.5. ಹಾಗಾಗಿ 7.5, 7.5, 8, 8 ಇದ್ದರೆ ನಾಲ್ಕೂ 8 ಅಂತ ಕಾಣುತ್ತವೆ, ಮೊತ್ತ ಮಾತ್ರ 31 ಅಂತ ಬರುತ್ತದೆ. ಪ್ರಿಂಟ್ ನೋಡಿದವರು 32 ಬರಬೇಕಿತ್ತು ಅನ್ನುತ್ತಾರೆ. ಇಲ್ಲಿ ಕೂಡಿಕೆ ಸರಿಯಾಗಿದೆ, ತೋರಿಸಿದ ರೀತಿ ಮಾತ್ರ ಸರಿಯಿಲ್ಲ. ಅರ್ಧ ಅಂಕವನ್ನು ಯಾವ ಹಂತದಲ್ಲಿ ಪೂರ್ಣ ಮಾಡಬೇಕು ಅನ್ನುವುದು ನಿಮ್ಮ ಕಾಲೇಜಿನ ನಿಯಮಕ್ಕೆ ಬಿಟ್ಟಿದ್ದು. ಆ ನಿಯಮ ಕೇಳಿಕೊಳ್ಳದೆ ತಿದ್ದುಪಡಿ ಕಳುಹಿಸಬೇಡಿ. ಈ ಬಗೆಯ ವ್ಯತ್ಯಾಸ ಅರ್ಧ, ಒಂದು, ಹೆಚ್ಚೆಂದರೆ ಎರಡು ಅಂಕದೊಳಗೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಬಿದ್ದುಹೋಗಿರುವುದು 9 ಅಂಕ. ಅಂದರೆ ಕಾರಣ ಬೇರೆ.

ಒಬ್ಬರದ್ದು ಸಿಕ್ಕಿದರೆ ಎಲ್ಲರದ್ದೂ ನೋಡಿ

ತುಂಬ ಜನ ಆತುರ ಪಡುವುದು ಇಲ್ಲೇ. 041ರ ಅಂಕ ತಪ್ಪಿದೆ ಅಂತ ಗೊತ್ತಾದ ಕೂಡಲೇ ಅದೊಂದನ್ನೇ ತಿದ್ದಿ ಇಮೇಲ್ ಕಳುಹಿಸಿಬಿಡುತ್ತಾರೆ. ಸಂಜೆ ಇನ್ನೊಬ್ಬ ಬರುತ್ತಾನೆ. ಮತ್ತೊಂದು ಇಮೇಲ್. ಮೂರನೆಯ ಇಮೇಲ್ ಬರುವ ಹೊತ್ತಿಗೆ ಪರೀಕ್ಷಾ ವಿಭಾಗಕ್ಕೆ ಆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗಿರುತ್ತದೆ. ಕಂಪ್ಯೂಟರ್ ಪಟ್ಟಿಯಲ್ಲಿ ತಪ್ಪು ಒಂಟಿಯಾಗಿ ಬರುವುದು ಕಡಿಮೆ. ಒಂದೇ ಕಾರಣ ಹಲವು ಸಾಲುಗಳನ್ನು ಕೆಡಿಸಿರುತ್ತದೆ, ಬಂದು ಕೇಳುವವರು ಮಾತ್ರ ಒಬ್ಬರೋ ಇಬ್ಬರೋ.

ಡಿಸೆಂಬರ್ 12ರಂದು ಕಳುಹಿಸಿದ ಮೂಲ ಫೈಲನ್ನು ಮುಟ್ಟಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಪರೀಕ್ಷಿಸಿ. ನಮ್ಮ ಪಟ್ಟಿಯಲ್ಲಿ C, D, E, F ಅಂಕಣಗಳಲ್ಲಿ ನಾಲ್ಕು ಅಂಕ, G ಅಂಕಣದಲ್ಲಿ ಒಟ್ಟು. ಮೊದಲ ವಿದ್ಯಾರ್ಥಿ 2ನೇ ಸಾಲಿನಲ್ಲಿ, ಕೊನೆಯವರು 59ನೇ ಸಾಲಿನಲ್ಲಿ. ಪಕ್ಕದ ಖಾಲಿ ಅಂಕಣಗಳಲ್ಲಿ ಹೀಗೆ ಹಾಕಿ, ಕೊನೆಯ ಸಾಲಿನವರೆಗೆ ಎಳೆಯಿರಿ:

```
H2:  =C2+D2+E2+F2
I2:  =H2-G2
J2:  =COUNT(C2:F2)
```

I ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಆ ಸಾಲು ತಪ್ಪಿದೆ. J ಅಂಕಣದಲ್ಲಿ ಎಲ್ಲ ಕಡೆ 4 ಇರಬೇಕು. H ಅಂಕಣದಲ್ಲಿ `#VALUE!` ಅಂತ ಬಂದರೆ ಆ ಸಾಲಿನಲ್ಲಿ ‘AB’ ಥರದ ಅಕ್ಷರ ಇದೆ ಅಂತ ಅರ್ಥ. ಅದನ್ನು ಕೈಯಿಂದ ನೋಡಿ.

ನಮ್ಮ ಉದಾಹರಣೆಯಲ್ಲಿ ನಾಲ್ಕು ಸಾಲುಗಳಲ್ಲಿ J ಅಂಕಣ 3 ಅಂತ ತೋರಿಸುತ್ತದೆ. ಕೊನೆಯ ಮೂರು ಅಂಕಿ 017, 029, 041, 052 ಇರುವ ನೋಂದಣಿ ಸಂಖ್ಯೆಗಳು. ಅದೇ ಸಾಲುಗಳಲ್ಲಿ I ಅಂಕಣದ ವ್ಯತ್ಯಾಸ 7, 4, 9, 5.

ಏನಾಗಿದೆ ಅಂದರೆ, ಈ ನಾಲ್ವರು ಟೆಸ್ಟ್ 2ಕ್ಕೆ ಬಂದಿರಲಿಲ್ಲ. ಮೊದಲು ಆ ಜಾಗದಲ್ಲಿ ‘AB’ ಇತ್ತು, ಆ ಸೆಲ್‌ಗಳು ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲಿದ್ದವು. ಮರುಟೆಸ್ಟ್ ಬರೆದ ಮೇಲೆ ಅಲ್ಲೇ 7, 4, 9, 5 ಅಂತ ಟೈಪ್ ಮಾಡಲಾಯಿತು. ಕಣ್ಣಿಗೆ ಅವು ಅಂಕಿಗಳು. ಎಕ್ಸೆಲ್‌ಗೆ ಅವು ಅಕ್ಷರಗಳು. `SUM` ಸೂತ್ರವು ಸಾಲಿನಲ್ಲಿ ಇರುವ ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನು ಕೂಡುತ್ತದೆ. ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. `+` ಹಾಕಿ ಕೂಡಿದರೆ ಮಾತ್ರ ಅದು ಅಕ್ಷರವಾಗಿ ಕೂತಿರುವ 9 ಅನ್ನೂ ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆ. ಅದಕ್ಕೇ H ಅಂಕಣದಲ್ಲಿ ಸರಿಯಾದ ಮೊತ್ತ ಬಂತು. ಇಂಥ ಸೆಲ್‌ಗಳನ್ನು ಕಣ್ಣಿನಿಂದಲೂ ಗುರುತಿಸಬಹುದು. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇರುತ್ತದೆ. ಆದರೆ ಪಟ್ಟಿ ಚೆನ್ನಾಗಿ ಕಾಣಲಿ ಅಂತ ಎಲ್ಲವನ್ನೂ ನಡುವಿಗೆ ತಂದಿದ್ದರೆ ಎಡ-ಬಲದ ಗುರುತು ಹೋಗಿಬಿಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಹಾಗೇ ಮಾಡುತ್ತಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಅನುಭವ ಇರುವ ಮೇಷ್ಟ್ರುಗಳೂ ಮೋಸ ಹೋಗುತ್ತಾರೆ. ವಾಣಿಜ್ಯ ಓದಿದವರಿಗೆ ಅಡ್ಡ ಕೂಡಿ, ಉದ್ದ ಕೂಡಿ, ಎರಡೂ ಹೊಂದಿದರೆ ಸರಿ ಅನ್ನುವ ಅಭ್ಯಾಸ ಇದೆ. ಒಳ್ಳೆಯ ಅಭ್ಯಾಸ. ಆದರೆ ಈ ತಪ್ಪನ್ನು ಅದು ಹಿಡಿಯುವುದಿಲ್ಲ. ಈ ಪಟ್ಟಿಯಲ್ಲಿ ಎಲ್ಲರ ಒಟ್ಟು ಅಂಕಗಳ ಮೊತ್ತ 1,612. ಟೆಸ್ಟ್ 1, ಟೆಸ್ಟ್ 2, ಅಸೈನ್‌ಮೆಂಟ್, ಸೆಮಿನಾರ್ ಅಂಕಣಗಳನ್ನು ಬೇರೆ ಬೇರೆ `SUM` ಮಾಡಿ ಸೇರಿಸಿದರೂ 1,612 ಬರುತ್ತದೆ. ಯಾಕೆಂದರೆ ಅಡ್ಡ ಕೂಡುವಾಗ ಬಿಟ್ಟ ಅದೇ ನಾಲ್ಕು ಸೆಲ್‌ಗಳನ್ನು ಉದ್ದ ಕೂಡುವಾಗಲೂ `SUM` ಬಿಡುತ್ತದೆ. ಎರಡೂ ಹೊಂದುತ್ತವೆ, ಎರಡೂ ತಪ್ಪು. ಇದನ್ನು ಹಿಡಿಯುವುದು ಎಣಿಕೆ:

```
=COUNT(D2:D59)
```

58 ಬರಬೇಕಾದ ಕಡೆ 54 ಬರುತ್ತದೆ. ಆ ನಾಲ್ಕು ಎಲ್ಲಿ ಹೋದವು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಕಾರಣ ಮತ್ತು ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ?

ಈಗ ಸ್ವಲ್ಪ ನಿಂತು ಯೋಚಿಸಿ. ಕಾರಣ ಟೆಸ್ಟ್ 2 ಬಿಟ್ಟುಹೋಗಿರುವುದೇ ಆಗಿದ್ದರೆ, ಪ್ರತಿ ಸಾಲಿನಲ್ಲಿ ಕಡಿಮೆ ಬಿದ್ದಿರುವುದು ಆ ವಿದ್ಯಾರ್ಥಿಯ ಟೆಸ್ಟ್ 2ರ ಅಂಕದಷ್ಟೇ ಇರಬೇಕು. 017ಕ್ಕೆ ಟೆಸ್ಟ್ 2ರಲ್ಲಿ 7, ವ್ಯತ್ಯಾಸ 7. 029ಕ್ಕೆ 4 ಮತ್ತು 4. 041ಕ್ಕೆ 9 ಮತ್ತು 9. 052ಕ್ಕೆ 5 ಮತ್ತು 5. ನಾಲ್ಕೂ ಹೊಂದಿದವು. ಈಗ ನಿಮ್ಮ ಕಾರಣ ಊಹೆಯಲ್ಲ.

ಇನ್ನೊಂದು ಗಮನಿಸಿ. ಒಂದು ಅಂಕ ಬಿಟ್ಟುಹೋದರೆ ಮೊತ್ತ ಕಡಿಮೆಯಾಗುತ್ತದೆ, ಜಾಸ್ತಿ ಆಗಲು ಸಾಧ್ಯವಿಲ್ಲ. ಹಾಗಾಗಿ ತಿದ್ದಿದ ಮೇಲೆ ನಾಲ್ವರ ಅಂಕವೂ ಏರುವುದು ಸಹಜ. ಒಂದು ವೇಳೆ ಐದನೆಯ ಸಾಲಿನಲ್ಲಿ ಅಂಕ ಇಳಿಯುತ್ತಿದೆ ಅಂತ ಕಂಡರೆ ಅಲ್ಲಿ ಬೇರೆ ತಪ್ಪು ಇದೆ. ಯಾರೋ ಒಟ್ಟಿನ ಸೂತ್ರದ ಮೇಲೆ ಕೈಯಿಂದ ಅಂಕಿ ಬರೆದಿರಬಹುದು, ಅಥವಾ ಒಂದು ಅಂಕ ಬದಲಾಗಿದ್ದೂ ಒಟ್ಟು ಹಳೆಯದೇ ಉಳಿದಿರಬಹುದು. ಅದನ್ನು ಬೇರೆಯಾಗಿ ಹುಡುಕಿ, ಇಮೇಲ್‌ನಲ್ಲೂ ಬೇರೆಯಾಗಿ ಬರೆಯಿರಿ. ಎರಡು ಕಾರಣಗಳನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ.

ಇಳಿಯುವ ಅಂಕದ ಬಗ್ಗೆ ನನ್ನ ಮಾತು ನೇರ. ಅದನ್ನೂ ಕಳುಹಿಸಬೇಕು. ಏರುವುದನ್ನು ಮಾತ್ರ ತಿಳಿಸಿ ಇಳಿಯುವುದನ್ನು ಮರೆತ ಹಾಗೆ ಬಿಟ್ಟರೆ ಇಡೀ ತಿದ್ದುಪಡಿಯೇ ಅನುಮಾನಕ್ಕೆ ಸಿಕ್ಕುತ್ತದೆ. ಆ ವಿದ್ಯಾರ್ಥಿಯನ್ನು ಮೊದಲೇ ಕರೆದು, ನಾಲ್ಕು ಅಂಕಗಳನ್ನೂ ತೋರಿಸಿ, ಅವರ ಮುಂದೆಯೇ ಕೂಡಿ. ತಿದ್ದಿದ ಪಟ್ಟಿಯ ಪಕ್ಕ ಅವರ ಸಹಿ ತೆಗೆದುಕೊಂಡರೆ ಒಳ್ಳೆಯದು. ನೋಟಿಸ್ ಬೋರ್ಡಿನಲ್ಲಿ ನೋಡಿ ಗೊತ್ತಾಗುವ ಹಾಗೆ ಮಾಡಬಾರದು.

ಸೆಲ್‌ಗಳನ್ನು ಸರಿಪಡಿಸುವುದು ಸುಲಭ. ಆ ನಾಲ್ಕು ಸೆಲ್ ಆರಿಸಿ, ಹಸಿರು ತ್ರಿಕೋನದ ಪಕ್ಕ ಬರುವ ಗುರುತು ಒತ್ತಿ `Convert to Number` ಆರಿಸಿ. ಫಾರ್ಮ್ಯಾಟನ್ನು ಮಾತ್ರ `Number` ಅಂತ ಬದಲಿಸಿದರೆ ಸಾಲದು. ಒಳಗಿರುವುದು ಅಕ್ಷರವಾಗಿಯೇ ಉಳಿದಿರುತ್ತದೆ. ಹಾಗೆ ಮಾಡಿದ್ದರೆ ಪ್ರತಿ ಅಂಕಿಯನ್ನು ಮತ್ತೆ ಟೈಪ್ ಮಾಡಬೇಕು. ಆಮೇಲೆ `COUNT` 58 ಆಯಿತಾ ನೋಡಿ. ಎಲ್ಲರ ಮೊತ್ತ 1,612 ಇದ್ದದ್ದು 1,637 ಆಗುತ್ತದೆ. ಏರಿದ್ದು 25. ನಾಲ್ವರ ವ್ಯತ್ಯಾಸ 7, 4, 9, 5 ಕೂಡಿದರೂ 25. ಇದು ಹೊಂದಿದರೆ ಉಳಿದ 54 ಸಾಲುಗಳಲ್ಲಿ ಕೈತಪ್ಪಿ ಏನೂ ಬದಲಾಗಿಲ್ಲ ಅನ್ನುವುದಕ್ಕೆ ಒಳ್ಳೆಯ ಆಧಾರ ಸಿಕ್ಕಿತು. ಈ ಎರಡು ಮೊತ್ತಗಳನ್ನು ಬರೆದಿಟ್ಟುಕೊಳ್ಳಿ, ಇಮೇಲ್‌ನಲ್ಲಿ ಬೇಕಾಗುತ್ತದೆ.

ಕೊನೆಗೆ, ಟೆಸ್ಟ್ 2ರ ಆ ನಾಲ್ಕು ಉತ್ತರ ಪತ್ರಿಕೆಗಳನ್ನು ತೆಗೆದು ಮೇಲಿರುವ ಅಂಕ ನಿಜವಾಗಿ 7, 4, 9, 5 ಹೌದಾ ಅಂತ ನೋಡಿ. ಎಕ್ಸೆಲ್ ಪಟ್ಟಿಗೆ ಆಧಾರ ಉತ್ತರ ಪತ್ರಿಕೆ, ಉಲ್ಟಾ ಅಲ್ಲ.

ಯಾರಿಗೆ, ಯಾರ ಮೂಲಕ

ನಿಮ್ಮದು ಸ್ವಾಯತ್ತ ಕಾಲೇಜಾದರೆ ಪರೀಕ್ಷಾ ನಿಯಂತ್ರಕರು ಕಾಲೇಜಿನಲ್ಲೇ ಇರುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಪ್ರತಿ ಹಾಕಿ ಅವರಿಗೇ ಬರೆಯಬಹುದು. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ನೀವು ಬರೆಯುವುದು ಕಾಲೇಜಿನ ಪರೀಕ್ಷಾ ಉಸ್ತುವಾರಿಗೆ ಮತ್ತು ಪ್ರಾಂಶುಪಾಲರಿಗೆ. ರಾಜ್ಯದ ಹಲವು ವಿಶ್ವವಿದ್ಯಾಲಯಗಳು ಬಳಸುವ UUCMS ಥರದ ಪೋರ್ಟಲ್‌ನಲ್ಲಿ ಅಂಕ ಇನ್ನೂ ತಿದ್ದಲು ಬರುವ ಹಾಗಿದ್ದರೆ ಕೆಲಸ ಕಾಲೇಜಿನಲ್ಲೇ ಮುಗಿಯುತ್ತದೆ. ಗಡುವು ಮುಗಿದು ಬೀಗ ಬಿದ್ದಿದ್ದರೆ ವಿಷಯ ಪ್ರಾಂಶುಪಾಲರ ಪತ್ರದ ಮೂಲಕ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಹೋಗಬೇಕು. ಮೇಷ್ಟ್ರು ನೇರವಾಗಿ ಅಲ್ಲಿಗೆ ಇಮೇಲ್ ಕಳುಹಿಸಿದರೆ "ಪ್ರಾಂಶುಪಾಲರ ಮೂಲಕ ಕಳುಹಿಸಿ" ಅಂತ ವಾಪಸ್ ಬರುತ್ತದೆ, ದಿನಗಳು ಹೋಗುತ್ತವೆ.

ಕಾಲೇಜು ಕೊಟ್ಟ ಇಮೇಲ್ ವಿಳಾಸದಿಂದಲೇ ಕಳುಹಿಸಿ. ಸ್ವಂತ ವಿಳಾಸದಿಂದ ಅಂಕ ಬದಲಿಸಿ ಅಂತ ಬಂದ ಇಮೇಲನ್ನು ಪರೀಕ್ಷಾ ವಿಭಾಗ ನಂಬಬಾರದು, ನಂಬುವುದೂ ಇಲ್ಲ. ಮೊದಲು ಪಟ್ಟಿ ಕಳುಹಿಸಿದ್ದ ಇಮೇಲ್‌ಗೇ ಉತ್ತರವಾಗಿ ಬರೆಯುವುದು ಇನ್ನೂ ಒಳ್ಳೆಯದು. ಹಳೆಯ ಫೈಲ್ ಅದರ ಕೆಳಗೇ ಇರುತ್ತದೆ. ಆದರೆ ವಿಷಯದ ಸಾಲನ್ನು ಬದಲಿಸಿ.

ಇಮೇಲ್

ಹೀಗೆ ಬರೆಯಬಹುದು. ನೋಂದಣಿ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಮಾತ್ರ ಇಲ್ಲಿ ತೋರಿಸಿದ್ದೇನೆ. ನಿಜವಾದ ಇಮೇಲ್‌ನಲ್ಲಿ ಪೂರ್ತಿ ಸಂಖ್ಯೆ ಇರಬೇಕು.

> ವಿಷಯ: ಬಿ.ಕಾಂ. 3ನೇ ಸೆಮಿಸ್ಟರ್ ‘ಬಿ’ ಸೆಕ್ಷನ್, ಕಾಸ್ಟ್ ಅಕೌಂಟಿಂಗ್, ಇಂಟರ್ನಲ್: 4 ವಿದ್ಯಾರ್ಥಿಗಳ ಒಟ್ಟು ಅಂಕದ ತಿದ್ದುಪಡಿ
>
> ಮಾನ್ಯರೇ,
>
> ಮೇಲಿನ ವಿಷಯದ ಇಂಟರ್ನಲ್ ಅಂಕಪಟ್ಟಿಯನ್ನು ಡಿಸೆಂಬರ್ 12ರಂದು ತಮಗೆ ಇಮೇಲ್ ಮೂಲಕ ಕಳುಹಿಸಿದ್ದೆ. ಅದರಲ್ಲಿ 4 ವಿದ್ಯಾರ್ಥಿಗಳ ಒಟ್ಟು ಅಂಕ ತಪ್ಪಾಗಿದೆ. ಅವರ ಟೆಸ್ಟ್ 2ರ ಅಂಕ ಒಟ್ಟಿಗೆ ಸೇರಿಲ್ಲ. ಒಟ್ಟು ಅಂಕವನ್ನು ಹೀಗೆ ಬದಲಿಸಬೇಕೆಂದು ಕೋರುತ್ತೇನೆ:
>
> …017: ಈಗ 22 ಇದೆ, 29 (ಇಪ್ಪತ್ತೊಂಬತ್ತು) ಆಗಬೇಕು. ವಿವರ: 6 + 7 + 8 + 8
>
> …029: ಈಗ 20 ಇದೆ, 24 (ಇಪ್ಪತ್ತನಾಲ್ಕು) ಆಗಬೇಕು. ವಿವರ: 5 + 4 + 8 + 7
>
> …041: ಈಗ 25 ಇದೆ, 34 (ಮೂವತ್ತನಾಲ್ಕು) ಆಗಬೇಕು. ವಿವರ: 8 + 9 + 9 + 8
>
> …052: ಈಗ 16 ಇದೆ, 21 (ಇಪ್ಪತ್ತೊಂದು) ಆಗಬೇಕು. ವಿವರ: 3 + 5 + 7 + 6
>
> ವಿವರದಲ್ಲಿರುವುದು ಕ್ರಮವಾಗಿ ಟೆಸ್ಟ್ 1, ಟೆಸ್ಟ್ 2, ಅಸೈನ್‌ಮೆಂಟ್, ಸೆಮಿನಾರ್. ಬಿಡಿ ಅಂಕಗಳಲ್ಲಿ ಯಾವ ಬದಲಾವಣೆಯೂ ಇಲ್ಲ, ಒಟ್ಟು ಮಾತ್ರ ಬದಲಾಗಿದೆ. ಉಳಿದ 54 ವಿದ್ಯಾರ್ಥಿಗಳ ಅಂಕಗಳನ್ನೂ ಮತ್ತೆ ಕೂಡಿ ನೋಡಿದ್ದೇನೆ, ಸರಿಯಾಗಿವೆ. ಪಟ್ಟಿಯ ಎಲ್ಲರ ಒಟ್ಟು ಮೊತ್ತ 1,612ರಿಂದ 1,637 ಆಗುತ್ತದೆ. ವ್ಯತ್ಯಾಸ 25.
>
> ಕಾರಣ: ಈ ನಾಲ್ವರ ಮರುಟೆಸ್ಟ್ ಅಂಕಗಳು ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಆಗಿ ದಾಖಲಾಗಿದ್ದರಿಂದ ಒಟ್ಟು ಮಾಡುವ ಸೂತ್ರ ಅವುಗಳನ್ನು ಸೇರಿಸಿಕೊಂಡಿರಲಿಲ್ಲ. ಟೆಸ್ಟ್ 2ರ ಉತ್ತರ ಪತ್ರಿಕೆಗಳೊಂದಿಗೆ ತಾಳೆ ನೋಡಿದ್ದೇನೆ. ಪತ್ರಿಕೆಗಳು ವಿಭಾಗದಲ್ಲಿವೆ.
>
> ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ತಿದ್ದುಪಡಿ ಪಟ್ಟಿ ಮತ್ತು ಪೂರ್ತಿ ಎಕ್ಸೆಲ್ ಫೈಲ್ ಲಗತ್ತಿಸಿದೆ. ಡಿಸೆಂಬರ್ 12ರ ಫೈಲ್ ಬದಲಿಗೆ ಇದನ್ನು ಬಳಸಬೇಕು. ಬದಲಾವಣೆ ಆದ ಮೇಲೆ ಈ ಇಮೇಲ್‌ಗೆ ಉತ್ತರಿಸಬೇಕಾಗಿ ವಿನಂತಿ.
>
> ವಂದನೆಗಳೊಂದಿಗೆ,
>
> (ಹೆಸರು, ಹುದ್ದೆ, ವಿಭಾಗ, ಮೊಬೈಲ್ ಸಂಖ್ಯೆ)

ಇದರಲ್ಲಿ ಕೆಲವು ಸಂಗತಿಗಳನ್ನು ಬೇಕೆಂದೇ ಹಾಗೆ ಬರೆದಿದ್ದೇನೆ.

"041ಕ್ಕೆ 9 ಅಂಕ ಸೇರಿಸಿ" ಅಂತ ಎಲ್ಲೂ ಬರೆದಿಲ್ಲ. ಇದು ನನ್ನ ದೃಷ್ಟಿಯಲ್ಲಿ ಇಡೀ ಇಮೇಲ್‌ನ ಮುಖ್ಯ ಅಂಶ. ಸೇರಿಸಿ ಅಂದರೆ ಬೆಳಿಗ್ಗೆ ಒಬ್ಬರು ಸೇರಿಸುತ್ತಾರೆ, ಮಧ್ಯಾಹ್ನ ಇಮೇಲ್ ನೋಡಿದ ಇನ್ನೊಬ್ಬರೂ ಸೇರಿಸಿಬಿಡಬಹುದು. 25 ಇದ್ದದ್ದು 34 ಆಗಿ, ಆಮೇಲೆ 43 ಆಗಿಬಿಡುತ್ತದೆ. 40ಕ್ಕಿಂತ ಜಾಸ್ತಿ ಆದ್ದರಿಂದ ಅದು ಸಿಕ್ಕಿಬೀಳುತ್ತದೆ. ಆದರೆ 029ರದ್ದು 20, 24, 28 ಅಂತ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. "ಈಗ 25 ಇದೆ, 34 ಆಗಬೇಕು" ಅಂದರೆ ಎರಡನೆಯವರು ನೋಡುವ ಹೊತ್ತಿಗೆ ಅಲ್ಲಿ 34 ಇರುತ್ತದೆ. ಕೆಲಸ ಆಗಿದೆ ಅಂತ ಅವರಿಗೆ ತಿಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಪೋರ್ಟಲ್‌ನಲ್ಲಿ 25ರ ಬದಲು ಬೇರೆ ಏನಾದರೂ ಇದ್ದರೆ, ನೀವು ಕಳುಹಿಸಿದ ಮೇಲೆ ಅಲ್ಲೂ ಏನೋ ಆಗಿದೆ ಅಂತ ಸಹಾಯಕರು ನಿಂತು ಕೇಳುತ್ತಾರೆ.

ಪಟ್ಟಿಯನ್ನು ಕೋಷ್ಟಕವಾಗಿ ಅಂಟಿಸದೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಬರೆದಿದ್ದಕ್ಕೂ ಕಾರಣ ಇದೆ. ನಿಯಂತ್ರಕರು ಇಮೇಲ್ ನೋಡುವುದು ಮೀಟಿಂಗ್ ನಡುವೆ ಮೊಬೈಲ್‌ನಲ್ಲಿ. ಅಗಲವಾದ ಕೋಷ್ಟಕ ಅಲ್ಲಿ ಅರ್ಧ ಕಾಣುವುದೇ ಇಲ್ಲ. ಬದಲಾದ ಸಾಲುಗಳಿಗೆ ಹಳದಿ ಬಣ್ಣ ತುಂಬಿ ಅಷ್ಟಕ್ಕೇ ಬಿಡುವುದೂ ಸಾಲದು. ಕಚೇರಿಯ ಪ್ರಿಂಟರ್ ಕಪ್ಪು-ಬಿಳುಪು. ಫೈಲಿನಲ್ಲಿ ‘ತಿದ್ದುಪಡಿ’ ಅಂತ ಒಂದು ಅಂಕಣ ಮಾಡಿ ಆ ನಾಲ್ಕು ಸಾಲುಗಳಲ್ಲಿ ಹಳೆಯ ಒಟ್ಟನ್ನು ಬರೆದರೆ ಪ್ರಿಂಟ್‌ನಲ್ಲೂ ಉಳಿಯುತ್ತದೆ. ಅಂಕಿಯ ಪಕ್ಕ ಅಕ್ಷರದಲ್ಲಿ ಬರೆಯುವುದು ಅಂಕಪಟ್ಟಿಯ ಹಳೆಯ ರೂಢಿ, ಅದನ್ನು ಬಿಡಬೇಡಿ. 24 ಅನ್ನುವುದನ್ನು 42 ಅಂತ ಟೈಪ್ ಮಾಡಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಕಾರಣ ಎರಡು ಸಾಲಿನಲ್ಲಿ ಮುಗಿದಿದೆ. ಯಾರು ಟೈಪ್ ಮಾಡಿದರು, ಕೆಲಸದ ಒತ್ತಡ ಎಷ್ಟಿತ್ತು ಅನ್ನುವುದು ಬೇಡ. ಆದರೆ "ತಾಂತ್ರಿಕ ಕಾರಣದಿಂದ" ಅಂತ ಬರೆದು ಬಿಡಲೂ ಬಾರದು. ಆ ಮಾತಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಕಾರಣ ಬಿಡಿಸಿ ಹೇಳಿದರೆ ವ್ಯತ್ಯಾಸ ಟೆಸ್ಟ್ 2ರ ಅಂಕದಷ್ಟೇ ಇದೆ ಅನ್ನುವುದನ್ನು ಅವರೇ ತಾಳೆ ನೋಡಿಕೊಳ್ಳಬಹುದು.

ಹೊಸ ಫೈಲಿನ ಹೆಸರು ಹಳೆಯದರ ಹಾಗೆಯೇ ಇರಬಾರದು. ಡೌನ್‌ಲೋಡ್ ಮಾಡಿದಾಗ ಎರಡೂ ಬೆರೆತುಹೋಗುತ್ತವೆ. `BCom3B_CostAcc_IA_rev1.xlsx` ಥರ ಇಟ್ಟರೆ ಮುಂದೆ ಇನ್ನೊಂದು ತಿದ್ದುಪಡಿ ಬಂದರೂ `rev2` ಅಂತ ಹೋಗಬಹುದು. ಎರಡನೆಯದು ಬೇಕಾಗಿಯೇ ಬಂದರೆ ಮೊದಲನೆಯ ತಿದ್ದುಪಡಿ ಹಾಗೇ ನಿಲ್ಲುತ್ತದಾ, ರದ್ದಾಗುತ್ತದಾ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ. ಕಳುಹಿಸುವ ಮುಂಚೆ H, I, J ಅಂಕಣಗಳನ್ನು ಅಳಿಸಿ. ಇಮೇಲನ್ನು ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಆ ನಾಲ್ವರಿಗೆ ಅವರವರದ್ದು ಮಾತ್ರ ಹೇಳಿದರೆ ಸಾಕು.

ತಪ್ಪು ಪರೀಕ್ಷಾ ವಿಭಾಗದ್ದಾಗಿದ್ದರೆ

ನಿಮ್ಮ ಪಟ್ಟಿಯಲ್ಲಿ 34 ಇದ್ದು ಪೋರ್ಟಲ್‌ನಲ್ಲಿ ಮಾತ್ರ 25 ಇದ್ದರೆ ಅದು ಕೂಡಿಕೆಯ ತಪ್ಪಲ್ಲ, ಟೈಪ್ ಮಾಡುವಾಗ ಆದದ್ದು. ಆಗ ಇಮೇಲ್ ಇನ್ನೂ ಚಿಕ್ಕದಾಗುತ್ತದೆ. "ಡಿಸೆಂಬರ್ 12ರಂದು ಕಳುಹಿಸಿದ ಸಹಿ ಇರುವ ಪಟ್ಟಿಯಲ್ಲಿ 34 ಇದೆ, ಪೋರ್ಟಲ್‌ನಲ್ಲಿ 25 ಕಾಣುತ್ತಿದೆ" ಅಂತ ಬರೆದು ಎರಡರ ಚಿತ್ರವನ್ನೂ ಲಗತ್ತಿಸಿ. "ನಿಮ್ಮವರು ತಪ್ಪು ಮಾಡಿದ್ದಾರೆ" ಅನ್ನುವ ಸಾಲು ಬೇಕಾಗಿಲ್ಲ. ಎರಡು ಚಿತ್ರ ನೋಡಿದವರಿಗೆ ಅದು ಗೊತ್ತಾಗುತ್ತದೆ, ಸಹಾಯಕರಿಗೂ ಮುಜುಗರ ಆಗುವುದಿಲ್ಲ. ಹೊಸ ಎಕ್ಸೆಲ್ ಫೈಲ್ ಮಾತ್ರ ಕಳುಹಿಸಬೇಡಿ. ನಿಮ್ಮ ಫೈಲ್ ಮೊದಲಿನಿಂದಲೂ ಸರಿಯಾಗಿತ್ತು ಅನ್ನುವುದೇ ಇಲ್ಲಿ ನಿಮ್ಮ ಆಧಾರ. ಇನ್ನೊಂದು ಫೈಲ್ ಕಳುಹಿಸಿದರೆ ಆ ಆಧಾರವನ್ನು ನೀವೇ ಕೆಡಿಸಿದ ಹಾಗೆ.

ಕಳುಹಿಸಿದ ಮೇಲೆ

ಉತ್ತರ ಬಂತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಪೋರ್ಟಲ್‌ನಲ್ಲಿ ಆ ನಾಲ್ಕು ಸಾಲು ನೋಡಿ, ಜೊತೆಗೆ ಪ್ರತಿಯೊಂದರ ಮೇಲಿನ ಮತ್ತು ಕೆಳಗಿನ ಸಾಲನ್ನೂ ನೋಡಿ. 041ರ ಅಂಕವನ್ನು 040ರ ಎದುರು ಹಾಕಿಬಿಡುವುದು ಕೈಯಿಂದ ತಿದ್ದುವಾಗ ಸುಲಭವಾಗಿ ಆಗುವ ತಪ್ಪು. ಪೋರ್ಟಲ್‌ನಿಂದ ಪಟ್ಟಿ ಇಳಿಸಿಕೊಳ್ಳಲು ಬಂದರೆ ಎಲ್ಲರ ಮೊತ್ತ 1,637 ಬರುತ್ತದಾ ನೋಡಿ. ಆದರೆ ಎರಡು ಅಂಕ ಅದಲುಬದಲಾಗಿದ್ದರೆ ಮೊತ್ತ ಸರಿಯಾಗೇ ಬರುತ್ತದೆ, ಹಾಗಾಗಿ ಸಾಲುಗಳನ್ನು ನೋಡುವುದನ್ನು ಬಿಡುವ ಹಾಗಿಲ್ಲ. ಆಮೇಲೆ ಪ್ರಿಂಟ್ ತೆಗೆದು ನಿಮ್ಮ ಇಮೇಲ್ ಮತ್ತು ಅವರ ಉತ್ತರದ ಜೊತೆ ವಿಭಾಗದ ಫೈಲಿಗೆ ಸೇರಿಸಿ.

ಸಮಯದ ಬಗ್ಗೆ ಕೊನೆಯ ಮಾತು. ಪೋರ್ಟಲ್ ತೆರೆದಿರುವಾಗ ಈ ತಿದ್ದುಪಡಿ ಕೆಲವು ನಿಮಿಷಗಳ ಕೆಲಸ. ಬೀಗ ಬಿದ್ದ ಮೇಲೆ ಪ್ರಾಂಶುಪಾಲರ ಪತ್ರ, ಆಧಾರದ ಪ್ರತಿಗಳು, ವಿಶ್ವವಿದ್ಯಾಲಯದ ಅನುಮತಿ ಬೇಕು. ಫಲಿತಾಂಶ ಬಂದ ಮೇಲೆ ಇನ್ನೂ ಕಷ್ಟ, ಅಂಕಪಟ್ಟಿಯನ್ನೇ ಬದಲಿಸಬೇಕಾಗುತ್ತದೆ. 052ರ ವಿದ್ಯಾರ್ಥಿಯನ್ನೇ ನೋಡಿ. ಪಾಸಾಗಲು ಇಂಟರ್ನಲ್ ಮತ್ತು ಪರೀಕ್ಷೆ ಸೇರಿ 40 ಬೇಕು ಅಂತಿಟ್ಟುಕೊಳ್ಳಿ. ಅವನಿಗೆ ಪರೀಕ್ಷೆಯಲ್ಲಿ 22 ಬಂದರೆ ಸರಿಯಾದ 21ರ ಜೊತೆ 43, ಪಾಸ್. ತಪ್ಪಾದ 16ರ ಜೊತೆ 38, ಫೇಲ್. ಅವನು ಮರುಎಣಿಕೆಗೆ ದುಡ್ಡು ಕಟ್ಟಿದರೂ ಅಲ್ಲಿ ಎಣಿಸುವುದು ಪರೀಕ್ಷೆಯ ಉತ್ತರ ಪತ್ರಿಕೆಯ ಅಂಕಗಳನ್ನು. ಇಂಟರ್ನಲ್ ಪಟ್ಟಿಯನ್ನು ಅಲ್ಲಿ ಯಾರೂ ತೆರೆಯುವುದಿಲ್ಲ. ಆ ತಪ್ಪನ್ನು ಹುಡುಕಿ ತಿದ್ದಿಸಬಲ್ಲವರು ಪಟ್ಟಿ ಮಾಡಿದ ಮೇಷ್ಟ್ರು ಮಾತ್ರ. ಆದ್ದರಿಂದ ಪಟ್ಟಿ ಕಳುಹಿಸಿದ ದಿನವೇ `COUNT` ಹಾಕಿ ನೋಡಿ, ಮತ್ತು ಪೋರ್ಟಲ್‌ನ ಗಡುವಿಗೆ ಮುಂಚೆ ವಿದ್ಯಾರ್ಥಿಗಳಿಗೆ ಒಟ್ಟನ್ನು ಮಾತ್ರವಲ್ಲ, ನಾಲ್ಕೂ ಬಿಡಿ ಅಂಕಗಳನ್ನು ತೋರಿಸಿ ಸಹಿ ತೆಗೆದುಕೊಳ್ಳಿ.